ಬೆಟ್ಟಿಂಗ್ ಆ್ಯಪ್‌ಗಳಲ್ಲಿ ಉಳಿದಿರುವ ನಮ್ಮ ಜನರ ಮಾಹಿತಿ ಅಳಿಸಿಸಿ: ಧಾರವಾಡ ಸಂಸದರಿಗೆ ಬಹಿರಂಗ ಪತ್ರ

ಧಾರವಾಡ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ದೇಶದ ದೊಡ್ಡ ಕಂಪನಿಗಳು ಕೆಲವೇ ದಿನಗಳಲ್ಲಿ ಹಣದ ಆಟ ನಿಲ್ಲಿಸಿದವು. ಅಲ್ಲಿಯವರೆಗೆ ಆಡಿದವರ ಬಗ್ಗೆ ಆ ಕಂಪನಿಗಳು ಕೂಡಿಟ್ಟ ಮಾಹಿತಿ ಏನಾಗಬೇಕು ಎಂಬುದನ್ನು ಕುರಿತು ಈ ಪತ್ರ.

ನಮ್ಮ ಊರುಗಳಲ್ಲಿ ಓಸಿ ಚೀಟಿ ಬರೆಯುವವನಿಗೆ ಗಿರಾಕಿಯ ಮುಖ ಗೊತ್ತು, ಹಚ್ಚಿದ ನಂಬರ್ ಗೊತ್ತು. ಚೀಟಿ ಹರಿದರೆ ಲೆಕ್ಕ ಮುಗಿಯಿತು. ಆ್ಯಪ್‌ ಹಾಗಲ್ಲ. ಮೊಬೈಲ್ ನಂಬರ್, ಪ್ಯಾನ್, ಬ್ಯಾಂಕ್ ಖಾತೆ ಮತ್ತು ಯುಪಿಐ ಐಡಿ ಒಂದು ಕಡೆ ಇರುತ್ತವೆ. ಗೆದ್ದ ಹಣಕ್ಕೆ ಶೇ 30 ತೆರಿಗೆ ಮುರಿದುಕೊಳ್ಳಬೇಕಿದ್ದರಿಂದ ಪ್ಯಾನ್ ಕೇಳಿದ್ದಕ್ಕೆ ನಮ್ಮ ತಕರಾರಿಲ್ಲ. ಇನ್ನೊಂದು ಕಡೆ ಬೇರೆಯದೇ ಒಂದು ಕಡತ ಬೆಳೆಯುತ್ತದೆ. ಆ್ಯಪ್ ತೆರೆದ ಹೊತ್ತು, ಕಟ್ಟಿದ ಮೊತ್ತ, ಸೋತ ಮೇಲೆ ಎಷ್ಟು ನಿಮಿಷಕ್ಕೆ ಮತ್ತೆ ಹಣ ಹಾಕಿದ, ಯಾವ ನೋಟಿಫಿಕೇಶನ್ ಒತ್ತಿ ಒಳಗೆ ಬಂದ, ಫೋನ್ ಯಾವ ಮಾಡೆಲ್, ಇವೆಲ್ಲ ಅದರಲ್ಲಿ ಸೇರುತ್ತವೆ. ಮಾರ್ಕೆಟಿಂಗ್ ನಡೆಯುವುದು ಈ ಎರಡನೆಯ ಕಡತದಿಂದ.

ಅದು ಹೇಗೆಂದು ತೋರಿಸಲು ಒಂದು ಉದಾಹರಣೆ ಕೊಡುತ್ತೇವೆ. ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ದುಡಿಯುವ ಹುಡುಗನಿಗೆ ಪ್ರತಿ ತಿಂಗಳ 7ಕ್ಕೆ ಪಗಾರ ಆಗುತ್ತದೆ ಎನ್ನೋಣ. ಅಂದು ರಾತ್ರಿ 9.40ಕ್ಕೆ 500 ರೂಪಾಯಿ ಹಾಕಿ ಸೋಲುತ್ತಾನೆ. 10.05ಕ್ಕೆ ಇನ್ನೂ 300 ಹಾಕುತ್ತಾನೆ. ಮೂರು ತಿಂಗಳು ಹೀಗೇ ನಡೆದರೆ ಅವನ ಪಗಾರದ ದಿನ ಯಾವುದೆಂದು ಯಾರೂ ಹೇಳದೆ ಕಂಪ್ಯೂಟರ್‌ಗೆ ತಿಳಿಯುತ್ತದೆ. ಸೋತ ಅರ್ಧ ತಾಸಿನೊಳಗೆ ಮತ್ತೆ ಹಣ ಹಾಕುವವರ ಗುಂಪಿಗೆ ಅವನ ಹೆಸರು ಸೇರುತ್ತದೆ. ನಾಲ್ಕನೆಯ ತಿಂಗಳು ಅವನು ಆ್ಯಪ್ ತೆಗೆದುಹಾಕಿದ ಎನ್ನೋಣ. ಅದೂ ಕಂಪನಿಗೆ ಗೊತ್ತಾಗುತ್ತದೆ. ಫೋನಿನ ಪರದೆಯ ಮೇಲೆ ಕಾಣದ ಒಂದು ಸಂದೇಶವನ್ನು ಅದು ಆಗಾಗ ಕಳಿಸುತ್ತಿರುತ್ತದೆ. ಆ ಸಂದೇಶ ತಲುಪಲಿಲ್ಲ ಎಂದರೆ ಆ್ಯಪ್ ಹೋಗಿದೆ ಎಂದರ್ಥ. ಆಮೇಲೆ 7ನೇ ತಾರೀಖಿನ ಸಂಜೆ ಅವನಿಗೆ ಒಂದು ಎಸ್‌ಎಂಎಸ್ ಬರುತ್ತದೆ: '500 ಹಾಕಿ, 500 ಬೋನಸ್ ಪಡೆಯಿರಿ, ಇಂದು ರಾತ್ರಿ 12ರವರೆಗೆ ಮಾತ್ರ.'

ಆ ಬೋನಸ್‌ನ ಲೆಕ್ಕವನ್ನೂ ನೋಡಿ. ಒಟ್ಟು 1,000 ರೂಪಾಯಿಯ 20 ಪಟ್ಟು ಆಡಿದ ಮೇಲಷ್ಟೇ ಹಣ ಹಿಂತೆಗೆಯಬಹುದು ಎಂಬ ಷರತ್ತು ಇದೆ ಎಂದುಕೊಳ್ಳಿ. ಅಂದರೆ 20,000 ರೂಪಾಯಿಯ ಪಣ. ಪ್ರತಿ ಪಣದಲ್ಲಿ ಕಂಪನಿಯ ಪಾಲು ಶೇ 5 ಇದ್ದರೂ ಸರಾಸರಿ ನಷ್ಟ 1,000 ರೂಪಾಯಿ. ಷರತ್ತು ಮುಗಿಯುವ ಹೊತ್ತಿಗೆ ಅವನ ಹಣವೂ ಇಲ್ಲ, ಬೋನಸ್ಸೂ ಇಲ್ಲ. ಇಂಥ ಆಫರ್ ಎಲ್ಲರಿಗೂ ಹೋಗುವುದಿಲ್ಲ. ಷರತ್ತು ಓದಿ, ಲೆಕ್ಕ ಹಾಕಿ ಗೆಲ್ಲುವವನನ್ನು ಅದೇ ಕಡತ ಗುರುತಿಸಿ ಪಟ್ಟಿಯಿಂದ ತೆಗೆಯುತ್ತದೆ. ಸೋತು ತಿರುಗಿ ಬರುವವನನ್ನು ಉಳಿಸಿಕೊಳ್ಳುತ್ತದೆ. ನಮಗೆ ಅತಿ ಕೆಟ್ಟದ್ದು ಎನಿಸುವುದು ಇದೇ.

ಈ ಪಟ್ಟಿ ಕಂಪನಿಯೊಳಗೇ ಉಳಿಯುವುದೂ ಇಲ್ಲ. ಗಿರಾಕಿಗಳ ಮೊಬೈಲ್ ನಂಬರ್‌ಗಳನ್ನು ಸಾಮಾಜಿಕ ಜಾಲತಾಣದ ಜಾಹೀರಾತು ವಿಭಾಗಕ್ಕೆ ಏರಿಸಿದರೆ ಅವೇ ಜನರಿಗೆ, ಜೊತೆಗೆ ಅವರನ್ನು ಹೋಲುವ ಹೊಸಬರಿಗೆ ಜಾಹೀರಾತು ತೋರಿಸಬಹುದು. 'ನಂಬರ್ ಕೊಟ್ಟಿಲ್ಲ, ಅದರ ಹ್ಯಾಶ್ ಮಾತ್ರ ಕೊಟ್ಟಿದ್ದೇವೆ' ಎಂಬ ಉತ್ತರ ಬರುತ್ತದೆ. ಹ್ಯಾಶ್ ಎಂದರೆ ನಂಬರನ್ನು ಗಣಿತದಿಂದ ಗುರುತು ಸಿಗದಂಥ ಅಕ್ಷರಸಾಲಾಗಿ ಬದಲಿಸುವುದು. ಆದರೆ ನಮ್ಮ ಮೊಬೈಲ್ ನಂಬರ್‌ಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯವು, ಹೆಚ್ಚೆಂದರೆ 400 ಕೋಟಿ. ಅಷ್ಟಕ್ಕೂ ಹ್ಯಾಶ್ ಮಾಡಿ ತಾಳೆ ನೋಡಲು ಇಂದಿನ ಒಂದು ಕಂಪ್ಯೂಟರ್‌ಗೆ ಒಂದು ತಾಸು ಸಾಕು. ಹೀಗಾಗಿ ಆ ಉತ್ತರವನ್ನು ದಯವಿಟ್ಟು ಒಪ್ಪಬೇಡಿ. ನಿಯಂತ್ರಣ ಬಿಗಿಯಿರುವ ಬ್ರಿಟನ್‌ನಲ್ಲಿಯೂ ಗಿರಾಕಿ ಒಪ್ಪಿಗೆ ಕೊಡುವ ಮೊದಲೇ ಅವನ ಮಾಹಿತಿ ಜಾಹೀರಾತು ಕಂಪನಿಗಳಿಗೆ ಹೋಗಿತ್ತು. ಅದಕ್ಕಾಗಿ 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಸ್ಕೈ ಬೆಟ್ಟಿಂಗ್ ಕಂಪನಿಗೆ ಛೀಮಾರಿ ಹಾಕಿತು.

ವಿದೇಶದಿಂದ ನಡೆಯುವ ಬೆಟ್ಟಿಂಗ್ ಸೈಟ್‌ಗಳ ಏಜೆಂಟರು ವಾಟ್ಸ್‌ಆ್ಯಪ್, ಟೆಲಿಗ್ರಾಮ್‌ನಲ್ಲಿ ಆ ಸೈಟ್‌ಗೆ ಲಾಗಿನ್ ಆಗುವ 'ಐಡಿ' ಹಂಚುತ್ತಾರೆ. ಅವರ ಕೈಗೆ ಹಳೆಯ ಆಟಗಾರರ ಪಟ್ಟಿಗಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ. ಅವರು ಲಿಂಕ್‌ನಲ್ಲಿ ಕಳಿಸುವ, ಫೋನಿಗೆ ನೇರವಾಗಿ ಆ್ಯಪ್ ಹಾಕುವ ಎಪಿಕೆ ಫೈಲ್‌ಗೆ ಪ್ಲೇ ಸ್ಟೋರ್‌ನ ನಿಯಮ ತಾಗುವುದಿಲ್ಲ. ಎಸ್‌ಎಂಎಸ್ ಓದುವ ಅನುಮತಿ ಒಮ್ಮೆ ಕೊಟ್ಟರೆ ಪಗಾರ ಜಮಾ ಆದ ಬ್ಯಾಂಕಿನ ಸಂದೇಶವನ್ನೇ ಅದು ನೇರವಾಗಿ ಓದುತ್ತದೆ.

ಕಾನೂನು ಇಲ್ಲವೆಂದಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಆಯಿತು. ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂದು ಅದರ 8ನೇ ಕಲಂ ಹೇಳುತ್ತದೆ. ಆದರೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. ನಿಯಮದಲ್ಲಿ ಇನ್ನೊಂದು ಸಂದು ಇದೆ. 50 ಲಕ್ಷಕ್ಕಿಂತ ಕಡಿಮೆಯಿಲ್ಲದಷ್ಟು ಬಳಕೆದಾರರಿರುವ ಗೇಮಿಂಗ್ ಕಂಪನಿ, ಗಿರಾಕಿ ಕೊನೆಯ ಸಲ ಸಂಪರ್ಕಿಸಿದ ದಿನದಿಂದ 3 ವರ್ಷ ಕಳೆದ ಮೇಲೆ ಮಾಹಿತಿ ಅಳಿಸಬೇಕು, 48 ತಾಸು ಮೊದಲು ಅವನಿಗೆ ತಿಳಿಸಬೇಕು. ನಡುವೆ ಒಂದು ಆಫರ್ ನೋಡಿ ಅವನು ಒಮ್ಮೆ ಲಾಗಿನ್ ಆದರೆ? 3 ವರ್ಷದ ಎಣಿಕೆ ಮತ್ತೆ ಮೊದಲಿನಿಂದ. ಅಳಿಸುವ ಗಡುವು ಇಟ್ಟ ನಿಯಮವೇ ಮತ್ತೆ ಮತ್ತೆ ಕರೆಯಲು ಕಂಪನಿಗೆ ಕಾರಣ ಕೊಟ್ಟಂತಾಗಿದೆ.

ಅಲ್ಲಿಯವರೆಗೆ ಆಟಗಾರನಿಗೆ ಉಳಿದಿರುವುದು 2011ರ ಹಳೆಯ ಐಟಿ ನಿಯಮ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಒಪ್ಪಿಗೆ ಹಿಂಪಡೆಯಬಹುದು, ಒಂದು ತಿಂಗಳೊಳಗೆ ದೂರು ಬಗೆಹರಿಸಬೇಕು. ಹಾಗೆ ಬರೆಯುವವರು 'ಖಾತೆ ಮುಚ್ಚಿ' ಎಂದಷ್ಟೇ ಬರೆಯಬಾರದು. ಮುಚ್ಚಿದ ಖಾತೆಯ ಕಡತ ಹಾಗೇ ಉಳಿಯುತ್ತದೆ. ಮಾರ್ಕೆಟಿಂಗ್ ಒಪ್ಪಿಗೆ ಹಿಂಪಡೆದಿದ್ದೇನೆ, ಆಟದ ದಾಖಲೆ ಮತ್ತು ಜಾಹೀರಾತು ಪಟ್ಟಿಗಳಿಂದ ನನ್ನ ನಂಬರ್ ತೆಗೆಯಿರಿ, ಯಾರ್‍ಯಾರಿಗೆ ಕೊಟ್ಟಿದ್ದೀರಿ ತಿಳಿಸಿ ಎಂದು ಬಿಡಿಸಿ ಬರೆಯಬೇಕು.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ನಿಷೇಧದ ನಂತರ ಯಾವ ಕಂಪನಿ ಆಟದ ದಾಖಲೆಗಳನ್ನು ಅಳಿಸಿದೆ, ಯಾವುದು ಇಟ್ಟುಕೊಂಡಿದೆ, ಯಾರಿಗಾದರೂ ಕೊಟ್ಟಿದೆಯೇ ಎಂದು ಲೋಕಸಭೆಯಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವರಿಗೆ ಲಿಖಿತ ಪ್ರಶ್ನೆ ಹಾಕಿಸಿ. ತೆರಿಗೆಗೆ ಬೇಕಾದ ಪ್ಯಾನ್ ಮತ್ತು ಗೆಲುವಿನ ಲೆಕ್ಕ ಕಾನೂನು ಹೇಳಿದಷ್ಟು ವರ್ಷ ಇರಲಿ. ಉಳಿದ ಕಡತದ ಉದ್ದೇಶ ಆಟದ ಜೊತೆಗೇ ಮುಗಿದಿದೆ, ಅದನ್ನು 3 ವರ್ಷ ಕಾಯದೆ ಅಳಿಸಲು ಸಚಿವಾಲಯ ಸೂಚಿಸಲಿ. ಕಂಪನಿ ಕೈಬದಲಾದರೆ ಪಟ್ಟಿ ಜೊತೆಗೆ ಹೋಗದಂತೆ ತಡೆಯಲಿ.

ಒಂದು ಎಚ್ಚರ ಮಾತ್ರ ಬೇಕು. 'ಇವರಿಗೆ ಸಂದೇಶ ಕಳಿಸಬಾರದು' ಎಂಬ ಪಟ್ಟಿಯನ್ನು ಅಳಿಸಿಸಬಾರದು. ಅದೂ ಹೋದರೆ, ನಾಳೆ ಕಂಪನಿ ಹೊರಗಿನಿಂದ ಹೊಸ ನಂಬರ್‌ಗಳ ಪಟ್ಟಿ ತಂದಾಗ ಬಿಟ್ಟವನ ನಂಬರ್ ಮತ್ತೆ ಅದರಲ್ಲಿ ಬರುತ್ತದೆ, ತಡೆಯಲು ಏನೂ ಇರುವುದಿಲ್ಲ. ನಂಬರ್ ಒಂದೇ ಇರುವ, ಬೇರೆ ಯಾವ ವಿವರವೂ ಇಲ್ಲದ ಪಟ್ಟಿ ಅದಾಗಿರಲಿ. ಆದೇಶದ ಕರಡಿನಲ್ಲಿ ಈ ಸಾಲು ಬಿಟ್ಟುಹೋಗದಂತೆ ತಾವು ನೋಡಿಕೊಳ್ಳಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಾಹಿತಿ ತಂತ್ರಜ್ಞಾನ ಮತ್ತು ಕಾನೂನು ಕ್ಷೇತ್ರಗಳಲ್ಲಿ ಕೆಲಸ ಮಾಡುವ ಹುಬ್ಬಳ್ಳಿ-ಧಾರವಾಡದ ಮತದಾರರು