ಶನಿವಾರದೊಳಗೆ ‘ದೇಜಾ ವು’ ಸಾಲುಗಳನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಫ್ರೆಂಚ್ ಕಥೆಗಳನ್ನು ಅನುವಾದಿಸುತ್ತಿರುವವರು ಶನಿವಾರ ಸಂಜೆಯೊಳಗೆ ‘ದೇಜಾ ವು’ ಬಂದಿರುವ ಸಾಲುಗಳನ್ನು ಇನ್ನೊಮ್ಮೆ ನೋಡಿ.

ಪದಶಃ ಅರ್ಥ ‘ಈಗಾಗಲೇ ನೋಡಿದ್ದು’, ಅಷ್ಟೇ. ಸಿನಿಮಾ ನೋಡಿ ಬಂದ ಫ್ರೆಂಚರು ‘ಸೆ ದು ದೇಜಾ ವು’ ಅಂದರೆ ಹೊಸದೇನಿಲ್ಲ, ಹಳೇ ಸರಕು ಎಂದರ್ಥ.

ನಾವು ಜಾಸ್ತಿ ಕೇಳುವ ಅರ್ಥ ಬೇರೆ ಅಲ್ವಾ? ಮೊದಲ ಸಲ ಕಾಲಿಟ್ಟ ಮನೆ. ಆದರೂ ಮೆಟ್ಟಿಲು, ಕಿಟಕಿ ಎಲ್ಲಾ ನೋಡಿದ ಹಾಗೆ ಅನ್ನಿಸುತ್ತದೆ. ಇಲ್ಲಿಗೆ ಬಂದೇ ಇಲ್ಲ ಅಂತಲೂ ಗೊತ್ತಿರುತ್ತದೆ. ಆ ಅರಿವು ಇಲ್ಲದಿದ್ದರೆ ಅದು ಬರೀ ತಪ್ಪು ನೆನಪು. ಫ್ರಾನ್ಸಿನ ತತ್ವಜ್ಞಾನಿ ಎಮಿಲ್ ಬ್ವಾರಾಕ್ 1876ರ ಪತ್ರವೊಂದರಲ್ಲಿ ಈ ಅನುಭವವನ್ನು ‘ದೇಜಾ ವು’ ಎಂಬ ಮಾತಿನಲ್ಲೇ ಹೇಳಿದ್ದರು.

ಪ್ರತಿ ಸಾಲಿನ ಪಕ್ಕ ‘ಹಳಸಲು’ ಅಥವಾ ‘ಅನುಭವ’ ಎಂದು ಬರೆದು ಇಲ್ಲೇ ಹಾಕಿ. ಅನುಮಾನವಿದ್ದರೆ ಹಿಂದಿನ ಮುಂದಿನ ಸಾಲನ್ನೂ ಕಳಿಸಿ.