ಹಳದಿ ಗಂಟು

ದೇವರ ಗೂಡಿನ ಮೂಲೆಯಲ್ಲಿ ಹತ್ತು ತಿಂಗಳಿಂದ ಕೂತಿದ್ದ ಹಳದಿ ಗಂಟನ್ನು ಈ ಶುಕ್ರವಾರ ಕೋಲಾರಮ್ಮನ ಹುಂಡಿಗೆ ಹಾಕಿ ಬಂದೆವು.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ರಾತ್ರಿ ಕಟ್ಟಿದ ಮುಡಿಪು ಅದು. ಬಿಳಿ ಬಟ್ಟೆಯ ತುಂಡನ್ನು ಅರಿಶಿನದ ನೀರಲ್ಲಿ ಅದ್ದಿ, 11 ರೂಪಾಯಿ ಮತ್ತು ನಾಲ್ಕು ಕಾಳು ಅಕ್ಕಿ ಇಟ್ಟು ಬಿಗಿದಿದ್ದೆ. ಅಮ್ಮ ನಡೆದುಕೊಂಡೇ ನಿನ್ನ ಹತ್ತಿರ ಬಂದರೆ ತಂಬಿಟ್ಟಿನ ದೀಪ ಬೆಳಗುತ್ತೇನೆ ತಾಯಿ ಅಂತ ಹರಕೆ. ಮೂಳೆ ಕೂಡಿಸಿದ್ದು ಡಾಕ್ಟರು, ಗೊತ್ತು. ಆದರೆ ಆ ರಾತ್ರಿ ನನ್ನ ಕೈಗೆ ಏನಾದರೂ ಕೆಲಸ ಬೇಕಿತ್ತು.

ಹೊತ್ತುಕೊಳ್ಳುವಾಗ ಸುಲಭ. ತಂಬಿಟ್ಟು ಮಾಡಲು ಕೂತಾಗ ಗೊತ್ತಾಯಿತು! ಅರ್ಧ ಕೆ.ಜಿ. ಅಕ್ಕಿ ಎರಡು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿದೆ. ಕೈಗೆ ತೇವ ತಾಕಬೇಕು, ನೀರು ಅಂಟಬಾರದು. ಆಗಲೇ ಪುಡಿ ಮಾಡಿ ಜರಡಿ ಹಿಡಿಯಬೇಕು. ನಾನು ಫೋನಲ್ಲಿ ಮಾತಾಡುತ್ತಾ ಮರೆತೆ, ಅಕ್ಕಿ ಗರಿಗರಿ ಒಣಗಿಹೋಯಿತು. ಆ ಹಿಟ್ಟಲ್ಲಿ ಮಾಡಿದ ಮೊದಲ ದೀಪ ಸೀಳು ಬಿಟ್ಟು, ತುಪ್ಪವೆಲ್ಲ ತಟ್ಟೆಗೆ ಇಳಿಯಿತು. ಸರಿ ಮಾಡೋಣ ಅಂತ ಇನ್ನಷ್ಟು ಬೆಲ್ಲ ಹಾಕಿದೆ. ಬೆಲ್ಲ ನೀರು ಬಿಟ್ಟು ದೀಪ ಕುಸಿದು ಕೂತಿತು.

ಆಗ ಬಂದವರು ಎದುರುಮನೆ ಅಕ್ಕ. ಅವರ ಮನೆಯಲ್ಲಿ ಆಗಷ್ಟೇ ಬೀಸಿದ ಹಸಿ ಹಿಟ್ಟಿತ್ತು. ಅದನ್ನು ಸ್ವಲ್ಪಸ್ವಲ್ಪವೇ ಬೆರೆಸಿ, "ಮುಷ್ಟಿಯಲ್ಲಿ ಒತ್ತಿ ನೋಡು, ಬೆರಳಚ್ಚು ನಿಲ್ಲಬೇಕು, ಅಂಗೈಗೆ ಮೆತ್ತಬಾರದು" ಅಂದರು. ಐದು ದೀಪ ನಿಂತವು. ಅಕ್ಕಾ, ನೀವು ಬರದಿದ್ದರೆ ನಾನು ಹಣತೆಯಲ್ಲೇ ಮುಗಿಸಿಬಿಡುತ್ತಿದ್ದೆ. ಅಮ್ಮನವರಿಗೆ ಹೇಳಬೇಡಿ.

ಅಮ್ಮ ಆಟೋ ಇಳಿದು, ಕೋಲೂರಿಕೊಂಡು, ನನ್ನ ಕೈ ಹಿಡಿಯದೆ ಒಳಗೆ ನಡೆದರು. ಕೋಲಾರಮ್ಮನನ್ನು ಕನ್ನಡಿಯಲ್ಲಿ ನೋಡುವುದು ಅಲ್ಲಿನ ವಾಡಿಕೆ ಅಲ್ವಾ, ನಾನೂ ಕನ್ನಡಿಯ ಕಡೆಗೇ ನೋಡುತ್ತಿದ್ದೆ. ಏನು ಕಂಡೆ ಅಂತ ಕೇಳಬೇಡಿ, ಕಣ್ಣು ತುಂಬಿತ್ತು.

ಹತ್ತು ತಿಂಗಳು ಅಮ್ಮನ ಜೊತೆ ಹಜಾರದಲ್ಲಿ ಒಂದೊಂದೇ ಹೆಜ್ಜೆ ಎಣಿಸಿದ ಫಿಸಿಯೋ ಹುಡುಗಿಗೆ, ರಾತ್ರಿ ಪಾಳಿ ಹಂಚಿಕೊಂಡ ಚಿಕ್ಕಮ್ಮನಿಗೆ, ಕೇಳದೆಯೇ ಮುದ್ದೆ ಸಾರು ಕಳಿಸಿದ ಬೀದಿಯವರಿಗೆಲ್ಲ ನಾವು ಋಣಿ.

ದೀಪದ ಬತ್ತಿ ಸುಟ್ಟ ಜಾಗ ಮುರಿದು ತೆಗೆದು, ಉಳಿದದ್ದನ್ನು ಪ್ರಸಾದ ಅಂತ ಡಬ್ಬಿಗೆ ಹಾಕಿಟ್ಟಿದ್ದೇನೆ. ಹತ್ತಿರದಲ್ಲಿರುವವರು ನಾಳೆ ಸಂಜೆಯೊಳಗೆ ಬನ್ನಿ. ಹಸಿ ಹಿಟ್ಟು, ಜಾಸ್ತಿ ಇಟ್ಟರೆ ಹುಳಿ ಬರುತ್ತದೆ. ಬೆಲ್ಲ ಸ್ವಲ್ಪ ಮುಂದಾಗಿದೆ, ಅಮ್ಮ ಆಗಲೇ ಎರಡು ಸಲ ಹೇಳಿದ್ದಾರೆ.