ಕ್ರೆಡಿಟ್ ಕಾರ್ಡ್ ಬಾಕಿ: ಹಣ ಕಟ್ಟುವ ದಿನವೂ ಲೆಕ್ಕಕ್ಕೆ ಬರುತ್ತದೆ

ಬದಿಯಡ್ಕ, ಕುಂಬಳೆಯ ಸದಸ್ಯರೆಲ್ಲರಿಗೂ ನಮಸ್ಕಾರ.

ಕಾರ್ಡಿನಲ್ಲಿ ಹಳೆಯ ಬಾಕಿ ಉಳಿಸಿಕೊಂಡವರು ದಯವಿಟ್ಟು ಇದನ್ನು ಓದಿ. ಬ್ಯಾಂಕು ಬಡ್ಡಿ ಹಾಕುವುದು ತಿಂಗಳ ಕೊನೆಯಲ್ಲಿ ಉಳಿದ ಮೊತ್ತಕ್ಕಲ್ಲ. ಪ್ರತಿದಿನದ ಬಾಕಿಯನ್ನು ಕೂಡಿಸಿ, ದಿನಗಳ ಸಂಖ್ಯೆಯಿಂದ ಭಾಗಿಸಿ ಬರುವ ಸರಾಸರಿಗೆ.

30 ದಿನಗಳ ಬಿಲ್ ಅವಧಿ, ಹಳೆಯ ಬಾಕಿ 20,000 ರೂಪಾಯಿ ಎಂದುಕೊಳ್ಳಿ. ಅಡಿಕೆ ಮಾರಿದ ಹಣದಲ್ಲಿ 11ನೇ ದಿನ 10,000 ಕಟ್ಟಿದಿರಿ, 21ನೇ ದಿನ 6,000ದ ಗೊಬ್ಬರ ಕೊಂಡಿರಿ. ಆಗ ಮೊದಲ ಹತ್ತು ದಿನ 20,000, ಮುಂದಿನ ಹತ್ತು ದಿನ 10,000, ಕೊನೆಯ ಹತ್ತು ದಿನ 16,000 ಬಾಕಿ. ಸರಾಸರಿ ಸುಮಾರು 15,333. ತಿಂಗಳಿಗೆ ಶೇ. 3.5ರಂತೆ ಬಡ್ಡಿ 537 ರೂಪಾಯಿ.

ಅದೇ 10,000ವನ್ನು 21ನೇ ದಿನ ಕಟ್ಟಿದ್ದರೆ? ಕೊನೆಯ ದಿನದ ಬಾಕಿ ಆಗಲೂ 16,000ವೇ. ಆದರೆ ಸರಾಸರಿ 18,667ಕ್ಕೆ ಏರಿ, ಬಡ್ಡಿ 653 ಆಗುತ್ತದೆ. ಇದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಹಣ ಕೈಸೇರಿದ್ದರೆ ಗಡುವಿನವರೆಗೆ ಕಾಯಲೇಬೇಡಿ.

ಇನ್ನೊಂದು ಮಾತು, ಇದು ಬಹಳ ಮಂದಿಗೆ ತಿಳಿದಿಲ್ಲ: ಹಳೆಯ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಆ ಗೊಬ್ಬರಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಬಾಕಿ ಪೂರ್ತಿ ತೀರುವವರೆಗೆ ಅಂಗಡಿಯಲ್ಲಿ ನಗದು ಕೊಡಿ.